ಸೈನ್‌ಅಪ್‌ನಲ್ಲಿ ಜನ ಎಲ್ಲಿ ಬಿಟ್ಟು ಹೋಗುತ್ತಿದ್ದಾರೆ? ಒಟಿಪಿಯಲ್ಲೋ, ಆರ್‌ಟಿಸಿಯಲ್ಲೋ?

ಕುಶಾಲನಗರ_ಕೋಡರ್

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ಒಂದು ಆ್ಯಪ್ ಮಾಡಿದ್ದೇವೆ. ಕಾಫಿ ಬೆಳೆಗಾರರು ತಮ್ಮ ಹತ್ತಿರ ಎಷ್ಟು ಮೂಟೆ ಚೆರಿ ಇದೆ, ಎಷ್ಟು ಪಾರ್ಚ್‌ಮೆಂಟ್ ಇದೆ, ಎಷ್ಟು ಮೆಣಸು ಇದೆ ಎಂದು ಹಾಕುತ್ತಾರೆ. ವ್ಯಾಪಾರಿಗಳು ರೇಟು ಹೇಳುತ್ತಾರೆ. ಡೌನ್‌ಲೋಡ್ ಚೆನ್ನಾಗಿದೆ. ಆದರೆ ಸೈನ್‌ಅಪ್ ಮುಗಿಸುವವರು ತುಂಬಾ ಕಡಿಮೆ.

ನಿಜವಾದ ಸಂಖ್ಯೆ ಇಲ್ಲಿ ಹಾಕುವ ಹಾಗಿಲ್ಲ. ಮೊದಲ ಸಲ ಆ್ಯಪ್ ತೆರೆದವರು 1000 ಎಂದು ಇಟ್ಟುಕೊಂಡು ಉಳಿದದ್ದನ್ನು ಅದೇ ಲೆಕ್ಕಕ್ಕೆ ಇಳಿಸಿದ್ದೇನೆ:

```
first_open        1000
lang_selected      910
phone_entered      700
otp_requested      690
otp_verified       430
profile_saved      395
rtc_uploaded       205
signup_complete    190
```

ನಮ್ಮಲ್ಲೇ ಜಗಳ. ಪಾರ್ಟ್‌ನರ್ ಹೇಳುವುದು, ಆರ್‌ಟಿಸಿ ಅಪ್‌ಲೋಡ್ ಹಂತವೇ ತೂತು, 395ರಲ್ಲಿ ಅರ್ಧ ಜನ ಅಲ್ಲೇ ಹೋಗುತ್ತಾರೆ ಎಂದು. ನಾನು ಹೇಳುವುದು, ಒಟಿಪಿಯಲ್ಲಿ 260 ಜನ ಹೋಗುತ್ತಾರೆ, ಆರ್‌ಟಿಸಿಯಲ್ಲಿ 190 ಮಾತ್ರ, ಹಾಗಾಗಿ ಒಟಿಪಿ ಮೊದಲು ಎಂದು. ಕೊಯ್ಲು ಶುರುವಾಗುವುದರೊಳಗೆ ಒಂದನ್ನು ಮಾತ್ರ ಸರಿಮಾಡಲು ಟೈಮ್ ಇದೆ. ಯಾವುದನ್ನು ಹಿಡಿಯಲಿ?

ಮಳೆಹನಿ

ಇದಕ್ಕೆ ಹಂತ ಹಂತದ ಫನಲ್ ಲೆಕ್ಕ ಎಲ್ಲ ಬೇಕಾ? ಭಾಗಮಂಡಲ ಕಡೆ, ಬಿರುನಾಣಿ ಕಡೆ ಹೋಗಿ ಫೋನ್ ಎತ್ತಿ ನೋಡಿ. ಟವರ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇದ್ದ ಟವರೂ ಮಲಗುತ್ತದೆ. ಒಟಿಪಿ ಎಲ್ಲಿಂದ ಬರಬೇಕು? ನೆಟ್‌ವರ್ಕ್ ಪ್ರಾಬ್ಲಂ, ಅಷ್ಟೇ. ನೀವು ಮಾಡುವಂಥದ್ದು ಏನೂ ಇಲ್ಲ.

ಹೋಂಸ್ಟೇ_ಅಕ್ಕ

ನಮ್ಮದೂ ಇದೇ ಗೋಳು. ಬುಕಿಂಗ್ ಪೇಜಿಗೆ ಬರುತ್ತಾರೆ, ಐಡಿ ಕಾರ್ಡ್ ಫೋಟೋ ಕೇಳಿದ ಕೂಡಲೇ ಓಡಿಹೋಗುತ್ತಾರೆ. ನಾವು ಐಡಿಯನ್ನು ಬಂದ ಮೇಲೆ ತಗೊಳ್ಳುತ್ತೇವೆ ಅಂತ ಮಾಡಿದೆವು, ಬುಕಿಂಗ್ ಜಾಸ್ತಿಯಾಯಿತು. ನೀವೂ ಆರ್‌ಟಿಸಿ ತೆಗೆದುಬಿಡಿ. ಮತ್ತೆ ಇನ್‌ಸ್ಟಾದಲ್ಲಿ ಸ್ವಲ್ಪ ಜಾಹೀರಾತು ಹಾಕಿ, ಜನ ಬರುತ್ತಾರೆ.

ಕುಶಾಲನಗರ_ಕೋಡರ್

ಅಕ್ಕ, ಜನ ಬರುತ್ತಿದ್ದಾರೆ, ನಿಲ್ಲುತ್ತಿಲ್ಲ. ಅದೇ ಕಷ್ಟ. ಈಗ ಜಾಹೀರಾತು ಹಾಕಿದರೆ ಬಿಟ್ಟು ಹೋಗುವವರೇ ಜಾಸ್ತಿಯಾಗುತ್ತಾರೆ.

ಲೆಕ್ಕದವ

ಯಾವ ಹಂತ ದೊಡ್ಡದು ಎಂಬ ಜಗಳಕ್ಕೆ ಮೊದಲು ಒಂದು ಪ್ರಶ್ನೆ. ಈ 205ನ್ನು ಎಷ್ಟು ಹೊತ್ತಿನೊಳಗೆ ಎಣಿಸಿದ್ದೀರಿ? ಆ್ಯಪ್ ತೆರೆದ ದಿನವೇ ಅಪ್‌ಲೋಡ್ ಮಾಡಿದವರು ಮಾತ್ರವಾ, ಅಥವಾ ನಾಲ್ಕು ದಿನ ಬಿಟ್ಟು ಮಾಡಿದವರೂ ಸೇರಿದ್ದಾರಾ?

ಯಾಕೆ ಕೇಳುತ್ತೇನೆ ಅಂದರೆ ಎರಡು ಹಂತದ ಸ್ವಭಾವವೇ ಬೇರೆ. ಒಟಿಪಿ ಬಂದರೆ ಒಂದು ನಿಮಿಷದಲ್ಲಿ ಬಂತು, ಇಲ್ಲದಿದ್ದರೆ ಆ ಮನುಷ್ಯ ಹೋದ. ಆರ್‌ಟಿಸಿ ಹಾಗಲ್ಲ. ಅದು ಮನೆಯ ಬೀರುವಿನಲ್ಲಿ ಇರುತ್ತದೆ, ಅಪ್ಪನ ಹತ್ತಿರ ಕೇಳಬೇಕು, ಇಲ್ಲ ಆನ್‌ಲೈನ್‌ನಲ್ಲಿ ತೆಗೆಯಬೇಕು. ಭಾನುವಾರ ಮಾಡೋಣ ಎಂದುಕೊಂಡವನನ್ನು ಅದೇ ದಿನದ ಲೆಕ್ಕದಲ್ಲಿ ಬಿಟ್ಟು ಹೋದವನು ಎಂದು ಬರೆದುಬಿಡುತ್ತೀರಿ.

ಏಳು ದಿನದ ಅವಧಿ ಕೊಟ್ಟು ಮತ್ತೆ ಎಣಿಸಿ. ಆದರೆ ಹುಷಾರು, ನಿನ್ನೆ ಇನ್‌ಸ್ಟಾಲ್ ಮಾಡಿದವರನ್ನು ಸೇರಿಸಬೇಡಿ. ಅವರಿಗೆ ಏಳು ದಿನ ಇನ್ನೂ ಸಿಕ್ಕಿಲ್ಲ. ಕನಿಷ್ಠ ಏಳು ದಿನ ಹಳೆಯವರನ್ನು ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಈ ವಾರ ಯಾವಾಗಲೂ ಹೋದ ವಾರಕ್ಕಿಂತ ಕೆಟ್ಟದಾಗಿಯೇ ಕಾಣುತ್ತದೆ.

ಇನ್ನೊಂದು, ಇವು ಇವೆಂಟ್‌ಗಳ ಸಂಖ್ಯೆಯಾ, ಜನರ ಸಂಖ್ಯೆಯಾ?

ಕುಶಾಲನಗರ_ಕೋಡರ್

ಜನರ ಸಂಖ್ಯೆಯೇ ಸರ್, `user_pseudo_id` ಪ್ರಕಾರ. ಅವಧಿ ಮಾತ್ರ ಅದೇ ದಿನದ್ದು, ಡ್ಯಾಶ್‌ಬೋರ್ಡ್‌ನಲ್ಲಿ ಇದ್ದಂತೆ ತೆಗೆದುಕೊಂಡಿದ್ದೆ.

ಟೆಸ್ಟರ್_ವಿರಾಜಪೇಟೆ

ಒಂದು ಸಣ್ಣ ಮಾತು. ಆ್ಯಪ್ ತೆಗೆದು ಮತ್ತೆ ಹಾಕಿದರೆ ಆ ಐಡಿ ಬದಲಾಗುತ್ತದೆ. ಒಟಿಪಿ ಬರಲಿಲ್ಲ ಎಂದು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದವನು ನಿಮ್ಮ ಲೆಕ್ಕದಲ್ಲಿ ಇಬ್ಬರು, ಒಬ್ಬ ಫೇಲ್, ಒಬ್ಬ ಪಾಸ್. ಒಟಿಪಿ ಕೇಳಿದ ಮೇಲಿನದನ್ನಾದರೂ ಸರ್ವರ್‌ನಲ್ಲಿ ಫೋನ್ ನಂಬರ್ ಪ್ರಕಾರ ಎಣಿಸಿ ನೋಡಿ.

ನಾಪೋಕ್ಲು_ಬೆಳೆಗಾರ

ನಾನು ಈ ಥರದ್ದೇ ಒಂದು ಆ್ಯಪ್ ಹಾಕಿದ್ದೆ, ನಿಮ್ಮದೋ ಬೇರೆಯವರದ್ದೋ ಗೊತ್ತಿಲ್ಲ. ಆರ್‌ಟಿಸಿ ಕೇಳಿತು. ಫೋಟೋ ತೆಗೆದು ಹಾಕಿದೆ. ಹೆಸರು ಹೊಂದಿಕೆಯಾಗುತ್ತಿಲ್ಲ ಎಂದಿತು. ಹೇಗೆ ಹೊಂದಬೇಕು? ನಮ್ಮದು ಜಮ್ಮಾ, ಕುಟುಂಬಕ್ಕೆಲ್ಲ ಸೇರಿದ ಜಮೀನು. ಪಟ್ಟೆದಾರರು ನನ್ನ ದೊಡ್ಡಪ್ಪ. ತೋಟ ನೋಡುವುದು ನಾನು, ಕಾಫಿ ಮಾರುವುದು ನಾನು, ಕಾಗದದಲ್ಲಿ ಮೊದಲ ಹೆಸರು ಅವರದು. ಇನ್ನೊಂದು ಸಲ ಹಾಕಿದೆ, ಅದೇ ಉತ್ತರ. ತೆಗೆದು ಬಿಸಾಡಿದೆ. ಗೋಣಿಕೊಪ್ಪದ ವ್ಯಾಪಾರಿಗೆ ಫೋನ್ ಮಾಡಿದರೆ ಲಾರಿ ಕಳಿಸುತ್ತಾರೆ, ಅವರು ಇವತ್ತಿನವರೆಗೂ ಆರ್‌ಟಿಸಿ ಕೇಳಿಲ್ಲ.

ಲೆಕ್ಕದವ

ಬೆಳೆಗಾರರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಟೇಬಲ್‌ನಲ್ಲಿ ಅವರು "ಆರ್‌ಟಿಸಿಯಲ್ಲಿ ಬಿಟ್ಟವರು". ಆದರೆ ಅವರು ಬಿಟ್ಟಿಲ್ಲ, ಎರಡು ಸಲ ಪ್ರಯತ್ನ ಮಾಡಿದ್ದಾರೆ. ಆ ಹಂತದಲ್ಲಿ ನಿಮಗೆ ಒಂದೇ ಇವೆಂಟ್ ಇರುವುದರಿಂದ, ಕಾಗದ ಹುಡುಕಲು ಹೋದವನು, ಅಪ್‌ಲೋಡ್ ಅರ್ಧಕ್ಕೆ ನಿಂತವನು, ಹೆಸರು ಹೊಂದದೆ ವಾಪಸ್ ಬಂದವನು, ಮೂವರೂ ಒಂದೇ ಥರ ಕಾಣುತ್ತಾರೆ. ಅದನ್ನು ಒಡೆಯಬೇಕು. ಮೊದಲು ಏಳು ದಿನದ ಲೆಕ್ಕ ಬರಲಿ.

ಕುಶಾಲನಗರ_ಕೋಡರ್

ಬಂತು. ಸರ್ವರ್‌ನ ಫೋನ್ ನಂಬರ್ ಜೊತೆಗೂ ತಾಳೆ ನೋಡಿದೆ. ಮತ್ತೆ ಇನ್‌ಸ್ಟಾಲ್ ಮಾಡಿದವರು ಇದ್ದಾರೆ, ಆದರೆ ಚಿತ್ರ ಬದಲಾಗುವಷ್ಟು ಇಲ್ಲ.

ಏಳು ದಿನ ಕೊಟ್ಟರೆ ಒಟಿಪಿ ದಾಟಿದವರು 430 ಇದ್ದದ್ದು 436. ಅಂದರೆ ಕಾದರೂ ಯಾರೂ ವಾಪಸ್ ಬರುತ್ತಿಲ್ಲ. ಆರ್‌ಟಿಸಿ ಹಾಕಿದವರು 205 ಇದ್ದದ್ದು 268 ಆಯಿತು! ಪ್ರೊಫೈಲ್ ಮುಗಿಸಿದ ಸುಮಾರು 400 ಜನರಲ್ಲಿ ಮೂರನೇ ಎರಡು ಭಾಗ ಕೊನೆಗೂ ಹಾಕುತ್ತಾರೆ. ಒಟಿಪಿಯಲ್ಲಿ ದಾಟುವವರು ನೂರಕ್ಕೆ 63. ಹಾಗಾದರೆ ಶೇಕಡಾ ಲೆಕ್ಕದಲ್ಲೂ ಒಟಿಪಿಯೇ ಕೆಟ್ಟದ್ದು.

ಮಳೆಹನಿ

ಅದನ್ನೇ ತಾನೆ ನಾನು ಮೊದಲು ಹೇಳಿದ್ದು. ನೆಟ್‌ವರ್ಕ್.

ಲೆಕ್ಕದವ

ಇರಬಹುದು. ಆದರೆ ನೆಟ್‌ವರ್ಕ್ ಎನ್ನುವುದು ಈಗಿನ್ನೂ ಊಹೆ. 690 ಜನರನ್ನು ಎರಡು ಕಡೆಯಿಂದ ಒಡೆಯಿರಿ. ಒಂದು, ಒಟಿಪಿ ಕೇಳುವಾಗ ಫೋನ್ ವೈಫೈನಲ್ಲಿತ್ತಾ, ಮೊಬೈಲ್ ಡೇಟಾದಲ್ಲಿತ್ತಾ. ಎರಡು, ಆರಿಸಿಕೊಂಡ ಭಾಷೆ. ಎರಡನ್ನೂ ಒಟ್ಟಿಗೆ ಒಡೆಯಿರಿ, ಬೇರೆ ಬೇರೆಯಾಗಿ ಅಲ್ಲ.

ಊರಿನ ಪ್ರಕಾರ ಒಡೆಯಲು ಹೋಗಬೇಡಿ. ಒಟಿಪಿಯಲ್ಲಿ ನಿಂತವರು ಊರಿನ ಹೆಸರು ಬರೆಯುವ ಹಂತಕ್ಕೇ ಬಂದಿಲ್ಲ. ಐಪಿಯಿಂದ ಸಿಗುವ ಊರನ್ನು ಇಲ್ಲಿ ನಂಬಲು ಆಗುವುದಿಲ್ಲ, ನಾಪೋಕ್ಲುವಿನವರು ಮೈಸೂರಿನಲ್ಲಿ ಇದ್ದಂತೆ ಕಾಣಬಹುದು.

ಪ್ರತಿಯೊಬ್ಬರ ಮೊದಲ ಸಮಯಗಳನ್ನು `per_user` ಎಂಬ ಟೇಬಲ್‌ನಲ್ಲಿ ಇಟ್ಟುಕೊಂಡರೆ ಇಷ್ಟೇ ಸಾಕು:

```sql
SELECT lang, net,
  COUNT(*) AS asked,
  COUNTIF(ok_ts >= req_ts
    AND ok_ts <= req_ts + 7*24*3600*1000000) AS passed
FROM per_user
WHERE req_ts IS NOT NULL
GROUP BY lang, net
```

`event_timestamp` ಮೈಕ್ರೊಸೆಕೆಂಡ್‌ನಲ್ಲಿ ಇರುತ್ತದೆ, ಅದಕ್ಕೇ ಅಷ್ಟು ಸೊನ್ನೆ.

ಕುಶಾಲನಗರ_ಕೋಡರ್

ಸರ್, ಇದನ್ನು ನೋಡಿ:

```
lang  net     asked  passed
kn    wifi     280      92
kn    mobile   200     162
en    wifi     110      86
en    mobile   100      96
```

ಕನ್ನಡ ಮತ್ತು ವೈಫೈ ಸೇರಿದ ಕಡೆ ನೂರಕ್ಕೆ 33. ಇಂಗ್ಲಿಷ್ ಮತ್ತು ಮೊಬೈಲ್ ಡೇಟಾದಲ್ಲಿ 96. ಒಟ್ಟು ಬಿಟ್ಟು ಹೋದ 254 ಜನರಲ್ಲಿ 188 ಜನ ಆ ಮೊದಲ ಸಾಲಿನವರೇ. ಆದರೆ ವೈಫೈ ಯಾಕೆ ಕೆಟ್ಟದ್ದು? ವೈಫೈ ಇದ್ದರೆ ನೆಟ್ ಚೆನ್ನಾಗಿರಬೇಕಲ್ಲ.

ನಾಪೋಕ್ಲು_ಬೆಳೆಗಾರ

ಇದು ನಾನು ಹೇಳುತ್ತೇನೆ. ನಮ್ಮ ಮನೆಗೆ ಫೈಬರ್ ಇದೆ, ವೈಫೈ ಜೋರಾಗಿ ಓಡುತ್ತದೆ. ಆದರೆ ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ. ವಾಟ್ಸ್‌ಆ್ಯಪ್ ಬರುತ್ತದೆ, ಎಸ್‌ಎಂಎಸ್ ಬರುವುದಿಲ್ಲ. ಬ್ಯಾಂಕಿನ ಒಟಿಪಿ ಬೇಕಾದರೆ ಫೋನ್ ಹಿಡಿದುಕೊಂಡು ಗೇಟಿನ ಹತ್ತಿರ, ಕಣದ ಮೇಲ್ಗಡೆ ಹೋಗಬೇಕು. ಹೋಗಿ, ನೋಡಿ, ವಾಪಸ್ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಇಲ್ಲಿ ಎಷ್ಟೋ ಮನೆಗಳ ಕಥೆ ಇದೇ.

ಮಳೆಹನಿ

ಸರಿ, ನನ್ನ ಮಾತು ನಿಜವೇ ಆಯಿತು. ಕನ್ನಡ ಆರಿಸುವವರು ಒಳಗಿನ ತೋಟದವರು, ವಯಸ್ಸಾದವರು. ಇಂಗ್ಲಿಷ್ ಆರಿಸುವವರು ಮಡಿಕೇರಿ, ಕುಶಾಲನಗರದ ಹುಡುಗರು. ಅದಕ್ಕೇ ವ್ಯತ್ಯಾಸ.

ಲೆಕ್ಕದವ

ಅರ್ಧ ನಿಜ. ವೈಫೈ ಸಾಲುಗಳು ಕೆಳಗಿರುವುದಕ್ಕೆ ಸಿಗ್ನಲ್ ಕಾರಣ, ಒಪ್ಪಿದೆ. ಆದರೆ ಮೊಬೈಲ್ ಡೇಟಾ ಸಾಲುಗಳನ್ನು ನೋಡಿ. ಅಲ್ಲಿ ಸಿಗ್ನಲ್ ಇದೆ, ಇಲ್ಲದಿದ್ದರೆ ಡೇಟಾನೇ ಬರುತ್ತಿರಲಿಲ್ಲ. ಅಲ್ಲೂ ಕನ್ನಡ 81, ಇಂಗ್ಲಿಷ್ 96. ಭಾಷೆ ಬದಲಾಯಿಸಿದರೆ ಟವರ್ ಬದಲಾಗುವುದಿಲ್ಲ ಅಲ್ವಾ. ವಯಸ್ಸು ಕಾರಣ ಇರಬಹುದು, ಅದನ್ನು ಈ ಟೇಬಲ್ ಹೇಳುವುದಿಲ್ಲ. ಆದರೆ ವಯಸ್ಸಾದವರು ಎಂದು ಮುಚ್ಚಿಹಾಕುವ ಮೊದಲು ಇಬ್ಬರಿಗೂ ಹೋಗುವ ಮೆಸೇಜ್ ಒಂದೇನಾ ಎಂದು ನೋಡಬೇಕು. ಕೋಡರ್ ಅವರೇ, ಎರಡನ್ನೂ ಇಲ್ಲಿ ಹಾಕಿ.

ಕುಶಾಲನಗರ_ಕೋಡರ್

ಕನ್ನಡ ಆರಿಸಿದವರಿಗೆ ಇದು ಹೋಗುತ್ತದೆ (ಕೋಡ್ ಮತ್ತು ಕೊನೆಯ ಸಾಲು ಮಾದರಿಗೆ):

```
ಕಾಫಿ ನೋಂದಣಿಗೆ ನಿಮ್ಮ ಒಟಿಪಿ 482913. ಇದು 3 ನಿಮಿಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಇದನ್ನು ಯಾರಿಗೂ ಹೇಳಬೇಡಿ.
FA+9qCX9VSu
```

ಇಂಗ್ಲಿಷ್‌ನವರಿಗೆ ಇದೇ ಅರ್ಥದ ಇಂಗ್ಲಿಷ್ ಮೆಸೇಜ್. ಕೊನೆಯ ಸಾಲು ಆಟೊ-ರೀಡ್‌ಗೆ, ಕೋಡನ್ನು ಆ್ಯಪ್ ತಾನೇ ಓದಿಕೊಳ್ಳಲಿ ಎಂದು.

ಟೆಸ್ಟರ್_ವಿರಾಜಪೇಟೆ

ಕೊನೆಯ ಸಾಲಿನ ಆ ಹ್ಯಾಶ್ ಸರಿಯಿದೆಯಾ ನೋಡಿ. ಪ್ಲೇ ಸ್ಟೋರ್ ತನ್ನ ಕೀಲಿಯಲ್ಲಿ ಸೈನ್ ಮಾಡಿದ ಮೇಲೆ ಹ್ಯಾಶ್ ಬದಲಾಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಸ್ಟೋರ್‌ನಲ್ಲಿ ಓಡುವುದಿಲ್ಲ. ಎಷ್ಟೋ ಜನ ಇದರಲ್ಲೇ ಸಿಕ್ಕಿಬೀಳುತ್ತಾರೆ.

ಲೆಕ್ಕದವ

ಒಳ್ಳೆಯ ಅನುಮಾನ. ಆದರೆ ಹ್ಯಾಶ್ ತಪ್ಪಿದ್ದರೆ ಇಂಗ್ಲಿಷ್‌ನವರಿಗೂ ಆಟೊ-ರೀಡ್ ಆಗಬಾರದು. ಅವರಿಗೆ ಆಗುತ್ತಿದೆಯಾ?

ಕುಶಾಲನಗರ_ಕೋಡರ್

ಇಂಗ್ಲಿಷ್‌ನವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತಿದೆ. ಕನ್ನಡದವರಿಗೆ ಒಬ್ಬರಿಗೂ ಆಗಿಲ್ಲ. ಎಲ್ಲರೂ ಕೈಯಲ್ಲೇ ಹೊಡೆದಿದ್ದಾರೆ. ಇದನ್ನು ನಾನು ಇವತ್ತೇ ನೋಡುತ್ತಿರುವುದು.

ಸೋಮವಾರಪೇಟೆ_ಎಸ್‌ಎಂಎಸ್

ನಾನು ಬೆಂಗಳೂರಿನಲ್ಲಿ ಎಸ್‌ಎಂಎಸ್ ಕಳಿಸುವ ಕಂಪನಿಯಲ್ಲಿ ಕೆಲಸ ಮಾಡಿದವನು. ಇದು ನಮಗೆ ದಿನಾ ಬರುತ್ತಿದ್ದ ಕಂಪ್ಲೇಂಟ್.

ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಒಂದು ಅಕ್ಷರ ಬಂದರೂ ಸಾಕು, ಇಡೀ ಮೆಸೇಜ್ ಯೂನಿಕೋಡ್ ಆಗಿ ಮಿತಿ 70ಕ್ಕೆ ಇಳಿಯುತ್ತದೆ. ಆ 70 ನಮ್ಮ ಕಣ್ಣಿಗೆ ಕಾಣುವ ಅಕ್ಷರವೂ ಅಲ್ಲ. ಗುಣಿತ, ಒತ್ತು ಎಲ್ಲ ಬೇರೆ ಬೇರೆ. "ನಿಮ್ಮ" ಎಂದರೆ ನಮಗೆ ಎರಡು ಅಕ್ಷರ, ಫೋನಿಗೆ ಐದು. ನಿಮ್ಮ ಮೆಸೇಜ್ ಎಣಿಸಿದೆ, ಹ್ಯಾಶ್ ಸೇರಿ 106. ಅಂದರೆ ಎರಡು ತುಂಡಾಗಿ ಹೋಗುತ್ತದೆ.

ತುಂಡಾದರೆ ಏನಾಗುತ್ತದೆ? ಎರಡೂ ತುಂಡು ಬರುವವರೆಗೆ ಸಾಮಾನ್ಯವಾಗಿ ಫೋನ್ ಮೆಸೇಜ್ ತೋರಿಸುವುದಿಲ್ಲ. ಸಿಗ್ನಲ್ ಚೆನ್ನಾಗಿದ್ದರೆ ಗೊತ್ತೇ ಆಗುವುದಿಲ್ಲ. ಬೆಳೆಗಾರರ ಮನೆಯಂಥ ಕಡೆ ಒಂದು ಬಂದು, ಇನ್ನೊಂದು ನೆಟ್‌ವರ್ಕ್‌ನಲ್ಲಿ ನಿಂತು, ಸಿಗ್ನಲ್ ಸಿಕ್ಕಾಗ ಬರುತ್ತದೆ. ಅಷ್ಟರಲ್ಲಿ ನಿಮ್ಮ 3 ನಿಮಿಷ ಮುಗಿದಿರುತ್ತದೆ. ಜೊತೆಗೆ ಎರಡು ಎಸ್‌ಎಂಎಸ್‌ನ ದುಡ್ಡು.

ಆಟೊ-ರೀಡ್ ಆಗದಿರುವುದಕ್ಕೂ ಉದ್ದವೇ ಕಾರಣ. ಆಂಡ್ರಾಯ್ಡ್‌ನ ಎಸ್‌ಎಂಎಸ್ ರಿಟ್ರೀವರ್‌ಗೆ ಮೆಸೇಜ್ 140 ಬೈಟ್ ದಾಟಬಾರದು. ನಿಮ್ಮದು ಯಾವ ಲೆಕ್ಕ ಹಿಡಿದರೂ ದಾಟುತ್ತದೆ.

ಲೆಕ್ಕದವ

ಈಗ ಚಿತ್ರ ಕೂಡುತ್ತಿದೆ. ಆದರೂ ಮೊಬೈಲ್ ಡೇಟಾದಲ್ಲಿ ನೂರಕ್ಕೆ 19 ಜನ ಬಿಡುವಷ್ಟು ದೊಡ್ಡ ಕಾರಣ ಇದೊಂದೇನಾ ಎಂಬ ಅನುಮಾನ ನನಗಿದೆ. ಮೆಸೇಜ್ ಒಂದು ನಿಮಿಷ ತಡವಾದರೂ ಕೈಯಲ್ಲಿ ಹೊಡೆಯಬಹುದಲ್ಲ. ಸೋತವರಲ್ಲಿ ಎಷ್ಟು ಜನ "ಮತ್ತೆ ಕಳಿಸಿ" ಒತ್ತಿದ್ದಾರೆ? ಒತ್ತಿದ ಮೇಲೆ ಯಾವ ಕೋಡ್ ಹೊಡೆದಿದ್ದಾರೆ? ಸರ್ವರ್ ಲಾಗ್‌ನಲ್ಲಿ ಇದ್ದರೆ ನಾಲ್ಕು ಜನರದ್ದನ್ನು ಸಾಲಾಗಿ ಓದಿ. ಒಟ್ಟು ಸಂಖ್ಯೆ ಬೇಡ, ಒಬ್ಬೊಬ್ಬರದ್ದೇ ಓದಿ.

ಕುಶಾಲನಗರ_ಕೋಡರ್

ಓದಿದೆ. ಒಬ್ಬರದ್ದು ಹೀಗಿದೆ, ಕೋಡ್‌ಗಳನ್ನು ಬದಲಿಸಿದ್ದೇನೆ:

```
19:02:10  send    code=A
19:02:41  resend  code=B  (A cancelled)
19:03:05  verify  entered=A  -> wrong
19:03:12  verify  entered=A  -> wrong
19:03:30  resend  code=C  (B cancelled)
19:03:58  verify  entered=B  -> wrong
```

ಆಮೇಲೆ ಏನೂ ಇಲ್ಲ. ಮನುಷ್ಯ ಬಂದ ಕೋಡನ್ನು ಸರಿಯಾಗಿಯೇ ಹೊಡೆದಿದ್ದಾರೆ. ನಾವು ಅಷ್ಟರಲ್ಲಿ ಅದನ್ನು ರದ್ದು ಮಾಡಿಬಿಟ್ಟಿದ್ದೇವೆ. 30 ಸೆಕೆಂಡಿಗೇ "ಮತ್ತೆ ಕಳಿಸಿ" ಬಟನ್ ತೋರಿಸುತ್ತೇವೆ. ತಡವಾಗಿ ಬಂದ ಹಳೆಯ ಕೋಡ್ ತಪ್ಪು ಎನ್ನುತ್ತೇವೆ. ಮೂರು ತಪ್ಪಾದರೆ ಒಂದು ಗಂಟೆ ಲಾಕ್. ಕನ್ನಡದಲ್ಲಿ ಸೋತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರದ್ದು ಇದೇ ಥರ.

ನಾಪೋಕ್ಲು_ಬೆಳೆಗಾರ

ತಪ್ಪು ಒಟಿಪಿ, ತಪ್ಪು ಒಟಿಪಿ ಎಂದು ಬೈಸಿಕೊಂಡವರಲ್ಲಿ ನಾನೂ ಒಬ್ಬ. ಕಣ್ಣು ಮಂಜಾಯಿತೇನೋ ಎಂದುಕೊಂಡು ಮಗಳ ಹತ್ತಿರ ಓದಿಸಿದ್ದೆ.

ಸೋಮವಾರಪೇಟೆ_ಎಸ್‌ಎಂಎಸ್

ಇದಕ್ಕೆ ಮೆಸೇಜ್ ಬದಲಿಸುವ ಮೊದಲೇ ಮದ್ದು ಇದೆ. ಮತ್ತೆ ಕಳಿಸುವಾಗ ಹೊಸ ಕೋಡ್ ಹುಟ್ಟಿಸಬೇಡಿ, ಅವಧಿ ಮುಗಿಯುವವರೆಗೆ ಅದೇ ಕೋಡ್ ಕಳಿಸಿ. ಅವಧಿ 10 ನಿಮಿಷ ಮಾಡಿ, ತಪ್ಪು ಪ್ರಯತ್ನದ ಮಿತಿ ಹಾಗೇ ಇರಲಿ. ಇದು ಸರ್ವರ್‌ನಲ್ಲಿ ನಾಲ್ಕು ಸಾಲು.

ಮೆಸೇಜ್ ಬದಲಿಸಲು ಡಿಎಲ್‌ಟಿಯಲ್ಲಿ, ಅಂದರೆ ಆಪರೇಟರ್‌ಗಳ ಎಸ್‌ಎಂಎಸ್ ನೋಂದಣಿ ಜಾಲದಲ್ಲಿ, ಹೊಸ ಟೆಂಪ್ಲೇಟ್ ನೋಂದಾಯಿಸಿ ಒಪ್ಪಿಗೆ ಬರುವವರೆಗೆ ಕಾಯಬೇಕು. ಒಪ್ಪಿಗೆ ಇಲ್ಲದ ಪದ ಸೇರಿಸಿ ಕಳಿಸಿದರೆ ಆಪರೇಟರ್ ಹತ್ತಿರವೇ ತಡೆದುಬಿಡುತ್ತಾರೆ. ಇವತ್ತೇ ಅರ್ಜಿ ಹಾಕಿ. ಮಧ್ಯದ "ಚಾಲ್ತಿಯಲ್ಲಿರುತ್ತದೆ" ವಾಕ್ಯ ಪೂರ್ತಿ ತೆಗೆದರೆ 68ಕ್ಕೆ ಬರುತ್ತದೆ, ಒಂದೇ ತುಂಡು.

ಲೆಕ್ಕದವ

ಎರಡನ್ನೂ ಒಂದೇ ದಿನ ಬಿಡಬೇಡಿ. ಬಿಟ್ಟರೆ ಯಾವುದರಿಂದ ಎಷ್ಟು ಬಂತು ಎಂದು ಗೊತ್ತಾಗುವುದಿಲ್ಲ. ಕೋಡ್ ಉಳಿಸುವ ಬದಲಾವಣೆಯನ್ನು ಈಗ ಅರ್ಧ ಜನರಿಗೆ ಕೊಡಿ, ಫೋನ್ ನಂಬರ್‌ನ ಹ್ಯಾಶ್ ಪ್ರಕಾರ ಭಾಗ ಮಾಡಿ. ಆ್ಯಪ್‌ನ ಐಡಿ ಪ್ರಕಾರ ಮಾಡಿದರೆ ಮತ್ತೆ ಇನ್‌ಸ್ಟಾಲ್ ಮಾಡಿದವರು ಆ ಕಡೆಯಿಂದ ಈ ಕಡೆಗೆ ಬರುತ್ತಾರೆ. ಮಳೆಹನಿಯವರ ವಯಸ್ಸಿನ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಗುತ್ತದೆ. ಎರಡೂ ಭಾಗದಲ್ಲಿ ವಯಸ್ಸಾದವರು ಸಮ ಇರುತ್ತಾರೆ.

ಕುಶಾಲನಗರ_ಕೋಡರ್

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ಕನ್ನಡದವರ ಲೆಕ್ಕ ಮಾತ್ರ ಹೇಳುತ್ತೇನೆ. ಮೊಬೈಲ್ ಡೇಟಾದಲ್ಲಿ ಹಳೆಯ ಭಾಗ ನೂರಕ್ಕೆ 80, ಹೊಸ ಭಾಗ 92. ವೈಫೈನಲ್ಲಿ ಹಳೆಯದು 34, ಹೊಸದು 55. ಒಂದೇ ತುಂಡಿನ ಮೆಸೇಜ್ ಇನ್ನೂ ಒಪ್ಪಿಗೆಯಾಗಿಲ್ಲ.

ಮಳೆಹನಿ

ಹಾಗಾದರೆ ವೈಫೈನಲ್ಲಿ ಇನ್ನೂ 45 ಜನ ಬೀಳುತ್ತಿದ್ದಾರೆ. ಅದು ನೆಟ್‌ವರ್ಕ್ ಎಂದು ಈಗಲಾದರೂ ಒಪ್ಪಿಕೊಳ್ಳಿ.

ಲೆಕ್ಕದವ

ಅದರಲ್ಲಿ ದೊಡ್ಡ ಪಾಲು ನಿಮ್ಮದೇ ಸರ್, ಒಪ್ಪಿದೆ. ಆದರೆ ಏನೂ ಮಾಡಲಾಗುವುದಿಲ್ಲ ಎಂಬುದನ್ನು ಒಪ್ಪುವುದಿಲ್ಲ. ವೈಫೈನಲ್ಲಿ ಇರುವವರಿಗೆ ಕೋಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ಅದಕ್ಕೆ ಟವರ್ ಬೇಡ. ಫೋನ್ ಮಾಡಿ ಕೋಡ್ ಹೇಳುವ ದಾರಿ ಮಾತ್ರ ಇಲ್ಲಿ ಹೆಚ್ಚು ಉಪಯೋಗವಿಲ್ಲ, ವೈಫೈ ಕಾಲಿಂಗ್ ಇಲ್ಲದಿದ್ದರೆ ಸಿಗ್ನಲ್ ಇಲ್ಲದ ಮನೆಗೆ ಆ ಕಾಲೂ ಬರುವುದಿಲ್ಲ.

ಒಂದು ಎಚ್ಚರಿಕೆ. ಒಟಿಪಿ ಸರಿಹೋದ ಮೇಲೆ ಆರ್‌ಟಿಸಿ ಹಂತದ ಶೇಕಡಾ ಬೀಳಬಹುದು. ಅಲ್ಲಿಗೆ ಇದುವರೆಗೆ ಬಾರದವರು ಈಗ ಬರುತ್ತಾರೆ, ಅವರಲ್ಲಿ ಪಟ್ಟೆದಾರರಲ್ಲದವರು ಜಾಸ್ತಿ ಇರಬಹುದು. ಆಗ ಆರ್‌ಟಿಸಿ ಪರದೆಯಲ್ಲಿ ಏನೋ ಕೆಟ್ಟಿತು ಎಂದು ಗಾಬರಿಯಾಗಬೇಡಿ. ಶೇಕಡಾ ಬಿಟ್ಟು, ಮೊದಲ 1000ದಲ್ಲಿ ಕೊನೆಗೆ ಎಷ್ಟು ಜನ ಮುಗಿಸಿದರು ಎಂಬುದನ್ನು ನೋಡಿ.

ಹೋಂಸ್ಟೇ_ಅಕ್ಕ

ನಾನು ಆವಾಗಲೇ ಹೇಳಿದೆ, ಆರ್‌ಟಿಸಿ ತೆಗೆದುಬಿಡಿ. ಮೊದಲ ಮಾರಾಟದ ಹೊತ್ತಿಗೆ ಕೇಳಿ.

ಕುಶಾಲನಗರ_ಕೋಡರ್

ಅಕ್ಕ, ವ್ಯಾಪಾರಿಗಳು ಒಪ್ಪುತ್ತಿಲ್ಲ. ತೋಟ ಇಲ್ಲದವರು ಸುಮ್ನೆ ಮೂಟೆ ಹಾಕಿ ರೇಟು ಕೇಳುತ್ತಾರೆ ಎಂಬ ಭಯ ಅವರಿಗೆ. ಪಾರ್ಟ್‌ನರ್ ನಿಮ್ಮ ಕಡೆ, ನಾನು ಇನ್ನೂ ತೀರ್ಮಾನ ಮಾಡಿಲ್ಲ.

ಲೆಕ್ಕದವ

ಮುಂದಕ್ಕೆ ತಳ್ಳಿದರೆ ಸೈನ್‌ಅಪ್ ಸಂಖ್ಯೆ ಏರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹೆಸರು ಹೊಂದದವರು ಆಗಲೂ ಹೊಂದುವುದಿಲ್ಲ, ಮಾರಾಟದ ಹೊತ್ತಿಗೆ ಬೀಳುತ್ತಾರೆ. ಅಳೆಯುವುದಾದರೆ ಮೊದಲ ಮಾರಾಟದವರೆಗೆ ಅಳೆಯಿರಿ.

ಕುಶಾಲನಗರ_ಕೋಡರ್

ಆರ್‌ಟಿಸಿ ಪರದೆಯನ್ನು ಒಡೆದಿದ್ದೇನೆ: `rtc_seen`, `rtc_photo_taken`, `rtc_upload_failed`, `rtc_name_mismatch`. ಮುಂದಿನ ಅಪ್‌ಡೇಟ್‌ನಲ್ಲಿ ಹೋಗುತ್ತದೆ. ಬೆಳೆಗಾರರೇ, ಒಂದು ಕೇಳಬೇಕು. ಹೆಸರು ಹೊಂದದಿದ್ದಾಗ "ಪಟ್ಟೆದಾರರು ನಿಮಗೆ ಏನಾಗಬೇಕು?" ಎಂದು ಕೇಳಿದರೆ ಜನ ತಪ್ಪು ತಿಳಿಯುತ್ತಾರಾ?

ನಾಪೋಕ್ಲು_ಬೆಳೆಗಾರ

ಕೇಳಿ, ತೊಂದರೆ ಇಲ್ಲ. ಆದರೆ ಅವರ ಸಹಿ ಇರುವ ಪತ್ರ ತನ್ನಿ ಎಂದು ಮಾತ್ರ ಕೇಳಬೇಡಿ. ದೊಡ್ಡಪ್ಪನಿಗೂ ನಮಗೂ ಮಾತಿಲ್ಲದೆ ಎಷ್ಟೋ ವರ್ಷವಾಯಿತು.